ಬಡ್ಡಿ ತಿಂಡಿ

ಗವಿಪುರದ ವಿಶಾಲಮ್ಮನವರ ಮನೆಯಲ್ಲಿ ಯಾವ ಪಂಚಾಂಗದಲ್ಲೂ ಸಿಗದ ಹಬ್ಬವೊಂದು ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು. ಅದಕ್ಕೆ ತಳಿರು ತೋರಣ ಇಲ್ಲ, ಎಣ್ಣೆ ಸ್ನಾನ ಇಲ್ಲ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ಈ ನಾಲ್ಕು ತಿಂಗಳ ಕೊನೆಯ ದಿನ ಉಳಿತಾಯ ಖಾತೆಗೆ ಬಡ್ಡಿ ಬೀಳುತ್ತದಲ್ಲ, ಅದರ ಮಾರನೆಯ ದಿನ ಬ್ಯಾಂಕು ತೆರೆದಾಗ ಆ ಬಡ್ಡಿಯನ್ನಷ್ಟೇ ಬಿಡಿಸಿಕೊಂಡು ಬಂದು, ಗಾಂಧಿಬಜಾರಿನ ಹೋಟೆಲಿನಲ್ಲಿ ನಾಲ್ಕು ಜನ ಕೂತು ಹೊಟ್ಟೆ ತುಂಬ ತಿನ್ನುವುದು. ಇದಕ್ಕೆ ಬಡ್ಡಿ ತಿಂಡಿ ಎಂದು ಹೆಸರಿಟ್ಟವರು ವಿಶಾಲಮ್ಮನವರ ಯಜಮಾನರು ಶಿವಲಿಂಗಯ್ಯನವರು.

ಶಿವಲಿಂಗಯ್ಯನವರು ಬಸವನಗುಡಿಯ ಒಂದು ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದವರು. ವೋಚರ್ ಹೊಲಿದು, ಲೆಡ್ಜರ್ ಹೊತ್ತು, ಮ್ಯಾನೇಜರುಗಳಿಗೆ ಕಾಫಿ ತಂದು, ಕೊನೆಗೆ ಕಂಪ್ಯೂಟರ್ ಬಂದ ಮೇಲೆ ಅದರ ಮೇಲಿನ ಧೂಳನ್ನೂ ಒರೆಸಿ ನಿವೃತ್ತರಾದರು. ಪೆನ್ಷನ್ ಬೇಡ, ಪಿಎಫ್ ಸಾಕು ಎಂದು ಬರೆದುಕೊಟ್ಟಿದ್ದರಿಂದ ಕೈಗೆ ಒಂದಿಷ್ಟು ಗಂಟು ಬಂತು. ಅದರಲ್ಲಿ ಮಹಡಿ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಉಳಿದ ಒಂದು ಲಕ್ಷವನ್ನು ಅದೇ ಬ್ಯಾಂಕಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿನ ಉಳಿತಾಯ ಖಾತೆಯಲ್ಲಿ ಇಟ್ಟು ಒಂದು ಕಟ್ಟಪ್ಪಣೆ ಹೊರಡಿಸಿದರು. ಅಸಲು ಮುಟ್ಟಕೂಡದು. ಬಡ್ಡಿ ಉಳಿಸಕೂಡದು. ಬಡ್ಡಿ ಎಷ್ಟೋ ತಿಂಡಿ ಅಷ್ಟೇ, ಅದಕ್ಕೆ ಮನೆಖರ್ಚಿನ ಒಂದು ರೂಪಾಯಿಯೂ ಸೇರಕೂಡದು.

ತಿಂಡಿಗೆ ಹೋಗುವ ನಾಲ್ವರೂ ಖಾಯಂ ಆದವರೇ. ಗಂಡ, ಹೆಂಡತಿ, ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಜನಪ್ಪ, ಅವನ ಹೆಂಡತಿ. ಮಸಾಲೆ ದೋಸೆ, ವಡೆ, ಕೇಸರಿಭಾತು, ಕಾಫಿ. ಐದನೆಯದಾಗಿ ಒಂದು ದೋಸೆ ಪಾರ್ಸಲ್. ಅವತ್ತು ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಡ್ಡಿ ಎಣಿಸಿಕೊಟ್ಟವರು ಯಾರೋ ಅವರಿಗೆ ಅದು. "ನಮ್ಮ ದುಡ್ಡು ಕಾಯ್ದು, ಅದಕ್ಕೆ ಮರಿ ಹಾಕಿಸಿ ಕೊಟ್ಟಿದಾರೆ, ಒಂದು ದೋಸೆಗೂ ಗತಿ ಇಲ್ವಾ ನಮಗೆ?" ಎನ್ನುತ್ತಿದ್ದರು ಶಿವಲಿಂಗಯ್ಯನವರು. ಇದು ಉಪಕಾರ ಸ್ಮರಣೆಯೋ, ಹಳೆಯ ಸಹೋದ್ಯೋಗಿಗಳ ಮುಂದೆ ಗತ್ತೋ, ಎರಡೂ ಸೇರಿತ್ತೋ, ಹೇಳುವುದು ಕಷ್ಟ. ದೋಸೆ ತಿಂದವರು ಯಾರೂ ಆ ವಿಚಾರ ಎತ್ತಲಿಲ್ಲ.

ಶಿವಲಿಂಗಯ್ಯನವರು ತೀರಿಕೊಂಡದ್ದು ಎರಡು ಸಾವಿರದ ಇಪ್ಪತ್ತಮೂರರ ಸೆಪ್ಟೆಂಬರಿನಲ್ಲಿ. ಮಲಗಿದಲ್ಲೇ, ಯಾರಿಗೂ ತೊಂದರೆ ಕೊಡದೆ ಹೋದರು. ಆ ವರ್ಷದ ಕೊನೆಯಲ್ಲಿ ವಿಶಾಲಮ್ಮನವರು ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಟ್ಟರು. ಹೊಸ ವರ್ಷದ ಮೊದಲ ದಿನ ಬ್ಯಾಂಕಿನವರು ಖಾತೆಯಿಂದ ಅವರ ಹೆಸರು ತೆಗೆದು, ವಿಶಾಲಮ್ಮ ಎಂಬ ಒಂದೇ ಹೆಸರು ಉಳಿಸಿದರು. ಬಡ್ಡಿ ತಿಂಡಿ ಮಾತ್ರ ನಿಲ್ಲಲಿಲ್ಲ. ಖಾಲಿಯಾದ ಕುರ್ಚಿಗೆ ಮಹಡಿ ಮನೆಯ ಬಾಡಿಗೆದಾರರಾದ ಗೋದಾ ಮಿಸ್ ಬಂದರು. ಇವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೂರು ದೋಸೆಯ ಬೆಲೆಯನ್ನು ಸಪ್ಲೈಯರ್ ಹೇಳುವ ಮುಂಚೆ ಹೇಳಿ ಅವನ ಮುಖ ನೋಡುವುದು ಅವರಿಗೊಂದು ಸುಖ.

ತಿಂಡಿ ನಿಲ್ಲಲಿಲ್ಲ, ಸೊರಗಿತು. ಯಜಮಾನರಿದ್ದಾಗ ಬಡ್ಡಿ ಸಾವಿರದ ಹತ್ತಿರ ಬರುತ್ತಿತ್ತು. ಈಗ ಏಳುನೂರ ನಲವತ್ತು, ಏಳುನೂರ ಐವತ್ತು. ಮೊದಲು ಪಾರ್ಸಲ್ ನಿಂತಿತು. ಆಮೇಲೆ ವಡೆಯನ್ನು ಇಬ್ಬರಿಗೆ ಒಂದು ಮಾಡಿದರು. ವಿಶಾಲಮ್ಮನವರ ಸಿಟ್ಟೆಲ್ಲ ಹೋಟೆಲಿನವರ ಮೇಲೆ. ಬಡ್ಡಿ ಏರಿಳಿಯುವುದು ಬ್ಯಾಂಕಿನ ಧರ್ಮ, ಅದನ್ನು ಕೇಳುವ ಹಾಗಿಲ್ಲ ಎಂದು ಅವರು ನಂಬಿದ್ದರು. ಆದರೆ ದೋಸೆಗೆ ಐದು ರೂಪಾಯಿ ಏರಿಸಿದ್ದನ್ನು ಕೇಳಬಹುದಲ್ಲ! ಹೀಗಾಗಿ ಗಲ್ಲಾದಲ್ಲಿ ಕೂರುವ ದೇವಯ್ಯ ವರ್ಷದಿಂದ ಇವರ ಬಾಯಿಗೆ ಬಿದ್ದು ನರಳುತ್ತಿದ್ದ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಈ ವರ್ಷ ಯುಗಾದಿ ಮುಗಿದ ಬೆನ್ನಿಗೇ ಮಾರ್ಚಿನ ಬಡ್ಡಿ. ಏಪ್ರಿಲ್ ಒಂದು ಬ್ಯಾಂಕಿನವರ ವಾರ್ಷಿಕ ಲೆಕ್ಕದ ದಿನ, ಗಿರಾಕಿಗಳಿಗೆ ಬಾಗಿಲು ಇಲ್ಲ. ಎರಡನೇ ತಾರೀಕು ವಿಶಾಲಮ್ಮನವರು ಏಳುನೂರ ನಲವತ್ತು ಬಿಡಿಸಿಕೊಂಡು ಬಂದರು. ಹೊಸ ಸಂವತ್ಸರ, ಜಿಪುಣತನ ಬೇಡ ಎಂದು ನಾಲ್ವರಿಗೂ ಪೂರ್ತಿ ಹೇಳಿದರು, ವಡೆ ಸಮೇತ, ಕೇಸರಿಭಾತು ಸಮೇತ. ಬಿಲ್ಲು ಎಂಟುನೂರ ನಲವತ್ತು ಬಂತು.

"ಏನಯ್ಯಾ ದೇವಯ್ಯ, ದೋಸೆಗೆ ಬಂಗಾರದ ತಗಡು ಸುತ್ತಿದೀಯಾ?" ಎಂದರು ವಿಶಾಲಮ್ಮ.

"ಅಮ್ಮಾ, ಹೋದ ವರ್ಷದ್ದೇ ರೇಟು. ಬೋರ್ಡು ನೋಡಿ ಬೇಕಾದ್ರೆ," ಎಂದು ದೇವಯ್ಯ ಕೈ ಮುಗಿದ.

ಅಷ್ಟರಲ್ಲಿ ಗೋದಾ ಮಿಸ್ ತಮ್ಮ ಚೀಲದಿಂದ ನೂರರ ನೋಟು ತೆಗೆದು ಬಿಲ್ಲಿನ ಮೇಲೆ ಇಟ್ಟೇಬಿಟ್ಟರು. ವಿಶಾಲಮ್ಮನವರ ಮುಖ ಸಪ್ಪಗಾಯಿತು. ಯಜಮಾನರ ಬಡ್ಡಿ ತಿಂಡಿಗೆ ಮೊದಲ ಸಲ ಹೊರಗಿನ ದುಡ್ಡು ಸೇರಿತ್ತು. ಅಂಜನಪ್ಪ ತಲೆ ತಗ್ಗಿಸಿ ಕಾಫಿ ಕುಡಿದ, ಅವನ ಹೆಂಡತಿ ಇನ್ನು ಮೇಲೆ ನನಗೆ ವಡೆ ಬೇಡಮ್ಮ ಎಂದಳು. ಆ ಮಾತು ಇನ್ನೂ ಚುಚ್ಚಿತು.

ದಾರಿಯಲ್ಲಿ ಗೋದಾ ಮಿಸ್ ಸುಮ್ಮನೆ ಬರುವ ಪೈಕಿಯಲ್ಲ. "ಅಸಲು ಮುಟ್ಟಿಲ್ಲ ಅಂತೀರ. ಮತ್ತೆ ಬಡ್ಡಿ ಯಾಕೆ ಕಾಲು ಭಾಗ ಇಳೀತು? ನಾಳೆ ಸ್ಟೇಟ್‌ಮೆಂಟ್ ತನ್ನಿ. ಎರಡು ವರ್ಷದ್ದು ತನ್ನಿ. ಬ್ಯಾಂಕಿನವರು ಒಂದು ಪೈಸೆ ನುಂಗಿದ್ರೂ ನಾನು ಕಕ್ಕಿಸ್ತೀನಿ," ಎಂದರು. ಅವರ ದನಿಯಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವ ಉತ್ಸಾಹವಿತ್ತು.

ಮಾರನೆಯ ದಿನ ಮಧ್ಯಾಹ್ನ ವಿಶಾಲಮ್ಮನವರ ಊಟದ ಮೇಜಿನ ಮೇಲೆ ಸ್ಟೇಟ್‌ಮೆಂಟ್ ಹರಡಿಕೊಂಡಿತು. ಗೋದಾ ಮಿಸ್ ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು, ಕೊನೆಯಿಂದ ಶುರು ಮಾಡಿದರು.

"ನೋಡಿ, ದಿನದ ಕೊನೇಲಿ ಖಾತೇಲಿ ಎಷ್ಟಿತ್ತು ಅನ್ನೋದರ ಮೇಲೆ ದಿನಾ ದಿನಾ ಬಡ್ಡಿ ಲೆಕ್ಕ. ಮೂರು ತಿಂಗಳಿಗೆ ಒಟ್ಟು ಮಾಡಿ ಹಾಕ್ತಾರೆ. ನಿಮ್ಮದು ಸುಲಭ, ಲಕ್ಷ ಅಲ್ಲಾಡೋದೇ ಇಲ್ಲ. ಬಡ್ಡಿ ದರ ಮೂರು. ಲಕ್ಷಕ್ಕೆ ವರ್ಷಕ್ಕೆ ಮೂರು ಸಾವಿರ. ಜನವರಿಯಿಂದ ಮಾರ್ಚಿಗೆ ತೊಂಬತ್ತು ದಿನ. ಮೂರು ಸಾವಿರ ಇಂಟು ತೊಂಬತ್ತು, ಭಾಗಿಸು ಮುನ್ನೂರ ಅರವತ್ತೈದು." ಪೆನ್ಸಿಲ್ ಓಡಿತು. "ಏಳುನೂರ ಮೂವತ್ತೊಂಬತ್ತು ರೂಪಾಯಿ ಎಪ್ಪತ್ತಮೂರು ಪೈಸೆ. ರೂಪಾಯಿಗೆ ಸರಿ ಮಾಡಿ ಏಳುನೂರ ನಲವತ್ತು. ತಾರೀಕು ಮಾರ್ಚ್ ಮೂವತ್ತೊಂದು. ಸರಿಯಾಗಿದೆ."

ಡಿಸೆಂಬರ್ ಮೂವತ್ತೊಂದರದ್ದು ಏಳುನೂರ ಐವತ್ತಾರು, ತೊಂಬತ್ತೆರಡು ದಿನಕ್ಕೆ. ಅದೂ ಸರಿ. ಸೆಪ್ಟೆಂಬರ್ ಮೂವತ್ತು, ಜೂನ್ ಮೂವತ್ತು, ಅವೂ ಸರಿ. ಯಾವ ಬಡ್ಡಿಯೂ ಒಂದು ದಿನ ತಡವಾಗಿ ಬಿದ್ದಿರಲಿಲ್ಲ, ಯಾವುದರಲ್ಲೂ ಒಂದು ರೂಪಾಯಿ ಕಡಿಮೆ ಇರಲಿಲ್ಲ. ಗೋದಾ ಮಿಸ್ ಮುಖದಲ್ಲಿ ನಿರಾಶೆ ಕಂಡಿತು. ಕಳ್ಳ ಸಿಗದ ಪೊಲೀಸಿನವರ ಮುಖ ಹಾಗೇ ಇರುತ್ತದೆ.

"ಬ್ಯಾಂಕಿನವರು ಸರಿಯಾಗೇ ಕೊಟ್ಟಿದಾರಲ್ಲ ವಿಶಾಲಮ್ಮೋರೆ," ಎನ್ನುತ್ತ ಪೆನ್ಸಿಲನ್ನು ಮೇಲಕ್ಕೆ ಒಯ್ದರು. ಅಲ್ಲಿ ಎರಡು ಸಾವಿರದ ಇಪ್ಪತ್ತಮೂರರ ಸಾಲುಗಳು. ಜೂನ್ ಮೂವತ್ತಕ್ಕೆ ಒಂಬೈನೂರ ತೊಂಬತ್ತೇಳು. ಸೆಪ್ಟೆಂಬರಿಗೆ ಸಾವಿರದ ಎಂಟು. ಡಿಸೆಂಬರಿಗೂ ಸಾವಿರದ ಎಂಟು. ಪೆನ್ಸಿಲ್ ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು. ಫೋನ್ ತೆಗೆದು ಬ್ಯಾಂಕಿನ ಹಳೆಯ ಬಡ್ಡಿ ದರ ಹುಡುಕಿದರು.

"ಆಗಲೂ ದರ ಮೂರೇ ಇತ್ತು," ಎಂದರು ನಿಧಾನವಾಗಿ. "ಆದರೆ ನಿಮಗೆ ಕೊಟ್ಟಿರೋದು ನಾಲ್ಕು. ನಿಮಗೆ ಕಡಿಮೆ ಬರ್ತಾ ಇಲ್ಲ ವಿಶಾಲಮ್ಮೋರೆ. ಮೊದಲು ಜಾಸ್ತಿ ಬರ್ತಾ ಇತ್ತು. ನಿಮ್ಮ ಯಜಮಾನರ ಹೆಸರು ಖಾತೇಲಿ ಇರೋವರೆಗೂ ನಾಲ್ಕು. ಹೆಸರು ತೆಗೆದ ದಿನದಿಂದ ಮೂರು."

ಮಿಸ್ ಹೇಳಿದ್ದು ಲೆಕ್ಕ. ವಿಶಾಲಮ್ಮನವರಿಗೆ ಕೇಳಿಸಿದ್ದು ಬೇರೆ.

ಶಿವಲಿಂಗಯ್ಯನವರು ಬ್ಯಾಂಕಿನ ಸುದ್ದಿ ಮನೆಗೆ ತರುತ್ತಿರಲಿಲ್ಲ. ಯಾರ ಖಾತೆಯಲ್ಲಿ ಎಷ್ಟಿದೆ, ಯಾರ ಸಾಲ ಮುಳುಗಿತು, ಯಾವುದನ್ನೂ ಬಾಯಿ ಬಿಡುತ್ತಿರಲಿಲ್ಲ. ಒಂದೇ ಒಂದು ಸಲ, ಅದೂ ಪೇಪರಿನಲ್ಲಿ ಬಂದ ಮೇಲೆ, ಬೇರೊಂದು ಶಾಖೆಯ ಗುಮಾಸ್ತನ ವಿಷಯ ಹೇಳಿದ್ದರು. ಅವನು ತನ್ನವರ ಖಾತೆಗಳಿಗೆ ಬಡ್ಡಿ ಒಂದಿಷ್ಟು ಹೆಚ್ಚಿಗೆ ಬೀಳುವ ಹಾಗೆ ಕೈಯಾಡಿಸಿ ಕೆಲಸ ಕಳೆದುಕೊಂಡಿದ್ದ. "ಅನ್ನ ಹಾಕಿದ ತಟ್ಟೆಗೇ ಕೈ ಹಾಕಿದ ನೋಡು," ಎಂದು ಅವತ್ತು ಊಟ ಬಿಟ್ಟಿದ್ದರು ಶಿವಲಿಂಗಯ್ಯ. ಅದೇ ಮನುಷ್ಯ ಬಡ್ಡಿ ತಿಂಡಿಯ ದಿನ ಮೀಸೆಯಲ್ಲಿ ನಗುತ್ತ, "ಊರಿಗೆಲ್ಲ ಹಾಲು ಕೊಟ್ರೆ ನಮಗೆ ಕೆನೆ ಕೊಡ್ತಾರೆ ಕಣೇ ಬ್ಯಾಂಕಿನವರು," ಎನ್ನುತ್ತಿದ್ದರು. ಆಗ ವಿಶಾಲಮ್ಮನವರೂ ನಕ್ಕಿದ್ದರು. ಕೆನೆ ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ.

"ಅವರು ಏನಾದ್ರೂ..." ಎಂದು ಶುರು ಮಾಡಿದ ಮಾತನ್ನು ವಿಶಾಲಮ್ಮ ಮುಗಿಸಲಿಲ್ಲ.

ಗೋದಾ ಮಿಸ್‌ಗೆ ತಾನು ಯಾವ ಗೂಡಿಗೆ ಕಲ್ಲು ಹೊಡೆದೆ ಎಂದು ಆಗ ಗೊತ್ತಾಯಿತು. "ಛೇ, ಏನ್ರೀ ಅದು! ಕಂಪ್ಯೂಟರ್ ತಪ್ಪಿರುತ್ತೆ. ನಾವೇನೂ ಕೇಳೋದು ಬೇಡ. ಕೇಳಿದ್ರೆ ಹಳೇದೆಲ್ಲ ವಾಪಸ್ ಕೊಡಿ ಅಂತಾರೆ. ಮಡಚಿ ಒಳಗಿಡಿ," ಎಂದರು.

ವಿಶಾಲಮ್ಮನವರು ಮಡಚಿ ಒಳಗಿಟ್ಟರು. ಆದರೆ ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ, ಮಾರನೆಯ ದಿನ ಎರಡು ಸಲ ಹಾಕಿದರು. ಗೋಡೆಯ ಮೇಲಿದ್ದ ಯಜಮಾನರ ಫೋಟೋಗೆ ಹೂ ಏರಿಸುವಾಗ ಕಣ್ಣು ಕೊಟ್ಟು ನೋಡಲಾಗಲಿಲ್ಲ. ಅವರಿಗೆ ಸಲಕ್ಕೆ ಕಡಿಮೆ ಬೀಳುವ ಆ ಇನ್ನೂರ ಐವತ್ತು ರೂಪಾಯಿ ಬೇಕಿರಲಿಲ್ಲ. ಈ ಮನುಷ್ಯ ಶುದ್ಧ ಎಂದುಕೊಂಡು ನಲವತ್ತೆರಡು ವರ್ಷ ಬಾಳಿದ್ದು ನಿಜವೋ ಅಲ್ಲವೋ, ಅದು ಗೊತ್ತಾಗಬೇಕಿತ್ತು. ನಿಜ ಅಲ್ಲದಿದ್ದರೆ ಏನು ಮಾಡುವುದು ಎಂದು ಯೋಚಿಸಿದಾಗ ಅವರಿಗೆ ಹೊಳೆದದ್ದು ಒಂದೇ. ಹಿಂದಕ್ಕೆ ಕೊಟ್ಟುಬಿಡುವುದು. ಸತ್ತವರ ಹೆಸರಿನಲ್ಲಿ ಋಣ ಉಳಿಸಿಕೊಂಡು ದೋಸೆ ತಿನ್ನುವುದು ಅವರಿಂದ ಆಗದು.

ಸೋಮವಾರ ಬೆಳಿಗ್ಗೆ, ಮಿಸ್ ಪೆನ್ಸಿಲಿನಲ್ಲಿ ಬರೆದಿದ್ದ ಮೂರು ಸಲದ ಹೆಚ್ಚಿನ ಮೊತ್ತಗಳನ್ನು ಕೂಡಿಸಿ, ಬಾಡಿಗೆ ದುಡ್ಡಿನಿಂದ ಏಳುನೂರ ಐವತ್ತಮೂರು ರೂಪಾಯಿ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟರು. ಪರ್ಸ್ ಇತ್ತು. ಆದರೆ ಇದು ಪರ್ಸಿಗೆ ಹಾಕುವ ದುಡ್ಡಲ್ಲ ಎನ್ನಿಸಿತು. ಮಿಸ್‌ಗೆ ಹೇಳದೆ ಹೊರಟಿದ್ದರು. ಆದರೆ ಮಹಡಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು, ಮಿಸ್ ಮಾತಿಲ್ಲದೆ ಜೊತೆಗೆ ಬಂದರು. ದಾರಿಯುದ್ದ ಹೊಂಗೆ ಮರಗಳು ಹೂ ಉದುರಿಸುತ್ತಿದ್ದವು. ಇಬ್ಬರೂ ನೋಡಲಿಲ್ಲ.

ಕೌಂಟರಿನಲ್ಲಿ ಯಶಶ್ರೀ ಎಂಬ ಹುಡುಗಿ. ಈ ಶಾಖೆಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಪ್ರತಿ ಸಲ ವಿಶಾಲಮ್ಮನವರಿಗೆ ಬಡ್ಡಿ ಎಣಿಸಿಕೊಟ್ಟವಳು ಇವಳೇ. "ಬನ್ನಿ ಅಮ್ಮ. ಇನ್ನೂ ಜೂನ್ ಬಂದಿಲ್ವಲ್ಲ?" ಎಂದು ನಕ್ಕಳು.

ವಿಶಾಲಮ್ಮನವರು ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ಕೌಂಟರಿನ ಮೇಲೆ ಇಟ್ಟರು. "ಇದನ್ನ ಬ್ಯಾಂಕಿಗೆ ಜಮಾ ಮಾಡ್ಕೊಳಮ್ಮ."

"ನಿಮ್ಮ ಅಕೌಂಟಿಗಾ?"

"ಅಲ್ಲ, ಬ್ಯಾಂಕಿಗೆ. ನಿಮ್ಮದು ನಮ್ಮ ಹತ್ರ ಜಾಸ್ತಿ ಬಂದುಬಿಟ್ಟಿದೆ. ಹಳೇದು ಇನ್ನೂ ಇರಬೇಕು, ಲೆಕ್ಕ ಹಾಕಿ ಹೇಳು, ಕಂತಲ್ಲಿ ತೀರಿಸ್ತೀನಿ."

ಬ್ಯಾಂಕಿಗೆ ದುಡ್ಡು ಕೊಡುವವರನ್ನು ಯಶಶ್ರೀ ಬಹಳ ನೋಡಿದ್ದಳು. ಬ್ಯಾಂಕಿನಿಂದ ಬರಬೇಕು ಎಂದು ಜಗಳ ಕಾಯುವವರನ್ನು ಇನ್ನೂ ಹೆಚ್ಚು ನೋಡಿದ್ದಳು. ಬಂದಿದ್ದ ಬಡ್ಡಿ ಹೆಚ್ಚಾಯಿತು, ತೆಗೆದುಕೊಳ್ಳಿ ಎನ್ನುವವರನ್ನು ನೋಡಿರಲಿಲ್ಲ. "ಅಮ್ಮ, ಹಾಗೆಲ್ಲ ತಗೊಳಕ್ಕಾಗಲ್ಲ. ಯಾವ ಲೆಕ್ಕಕ್ಕೆ ಅಂತ ಹಾಕ್ಲಿ ನಾನು?" ಎಂದಳು. ಗೋದಾ ಮಿಸ್ ಸ್ಟೇಟ್‌ಮೆಂಟ್ ಬಿಡಿಸಿ ಪೆನ್ಸಿಲ್ ಗೆರೆಗಳನ್ನು ತೋರಿಸಿದರು. ಯಶಶ್ರೀ ಕೆಳಗಿನಿಂದ ಮೇಲಕ್ಕೆ ನೋಡಿದಳು, ಮೇಲಿನಿಂದ ಕೆಳಕ್ಕೆ ನೋಡಿದಳು, ಹುಬ್ಬು ಗಂಟಿಕ್ಕಿದಳು. "ಹೌದಲ್ವಾ! ನಾಲ್ಕು ಹೇಗೆ ಬಂತು? ಒಂದ್ನಿಮಿಷ, ಮ್ಯಾನೇಜರ್ ಹತ್ರ ಹೋಗೋಣ ಬನ್ನಿ," ಎಂದು ಎದ್ದಳು.

ಮ್ಯಾನೇಜರ್ ಎಂಬ ಮಾತಿಗೆ ವಿಶಾಲಮ್ಮನವರು ದುಡ್ಡನ್ನು ಮತ್ತೆ ಕೈಗೆತ್ತಿಕೊಂಡು ನಿಧಾನವಾಗಿ ಹೆಜ್ಜೆ ಹಾಕಿದರು. ಇದೇ ಕೋಣೆಗೆ ಯಜಮಾನರು ಎಷ್ಟು ಸಲ ಕಾಫಿ ಹಿಡಿದು ಹೋಗಿದ್ದರೋ. ಇವತ್ತು ಅವರ ಹೆಂಡತಿ ಅವರ ತಪ್ಪು ಹಿಡಿದು ಹೋಗುತ್ತಿದ್ದಾಳೆ.

ಮ್ಯಾನೇಜರ್ ವೇಣುಗೋಪಾಲ್ ನಡುವಯಸ್ಸಿನವರು. ಇಬ್ಬರನ್ನೂ ಕೂರಿಸಿ, ಸ್ಟೇಟ್‌ಮೆಂಟ್ ನೋಡಿ, ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. "ಮೊದಲು ಇದು ಜಾಯಿಂಟ್ ಅಕೌಂಟ್. ಮೊದಲ ಹೆಸರು ಶಿವಲಿಂಗಯ್ಯ. ನಿಮ್ಮ ಯಜಮಾನ್ರು ಏನ್ಮಾಡ್ತಿದ್ರು ಅಮ್ಮ?"

ಬಂತು, ಎಂದುಕೊಂಡರು ವಿಶಾಲಮ್ಮ. ಹೇಳದೆ ಇರಬಹುದಿತ್ತು. ಸುಳ್ಳು ಹೇಳಲೂಬಹುದಿತ್ತು. "ಇಲ್ಲೇ ಇದ್ರು ಸಾರ್. ಇದೇ ಬ್ರಾಂಚಲ್ಲಿ. ಅಟೆಂಡರ್," ಎಂದರು. "ಅವರು ಅಂಥೋರಲ್ಲ ಸಾರ್. ಯಾರೋ ಗೊತ್ತಿಲ್ಲದೆ ಮಾಡಿರಬೇಕು. ಎಷ್ಟಿದ್ರೂ ಕೊಡ್ತೀನಿ. ಅವರ ಹೆಸರು ಮಾತ್ರ ಎಲ್ಲೂ ಬರೀಬೇಡಿ."

ವೇಣುಗೋಪಾಲ್ ಒಂದು ಗಳಿಗೆ ಅರ್ಥವಾಗದೆ ನೋಡಿದರು. ಅರ್ಥವಾದ ಮೇಲೆ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ಅಮ್ಮ! ಏನಂದ್ಕೊಂಡಿದೀರ ನೀವು? ಅದು ಸ್ಟಾಫ್ ಬಡ್ಡಿ! ಬ್ಯಾಂಕಲ್ಲಿ ಕೆಲಸ ಮಾಡೋರಿಗೆ, ಮಾಡಿ ರಿಟೈರ್ ಆದೋರಿಗೆ, ಎಲ್ಲರಿಗಿಂತ ಒಂದು ಪರ್ಸೆಂಟ್ ಜಾಸ್ತಿ ಕೊಡೋದು ನಮ್ಮ ಬ್ಯಾಂಕಿನ ನಿಯಮ. ನನಗೂ ಅದೇ ಬರುತ್ತೆ, ಈ ಹುಡುಗಿಗೂ ಅದೇ ಬರುತ್ತೆ. ಮೂರಕ್ಕೆ ಒಂದು ಸೇರಿ ನಾಲ್ಕು. ಅವರು ದುಡಿದು ಸಂಪಾದಿಸಿದ ಒಂದು ಪರ್ಸೆಂಟ್ ಅದು."

ಗೋದಾ ಮಿಸ್ ವಿಶಾಲಮ್ಮನವರ ಕೈ ಹಿಡಿದುಕೊಂಡರು. ಊರಿಗೆಲ್ಲ ಹಾಲು, ನಮಗೆ ಕೆನೆ. ಇದ್ದದ್ದನ್ನೇ ಹೇಳಿದ್ದರು ಪುಣ್ಯಾತ್ಮ! ಬ್ಯಾಂಕಿನ ವಿಷಯ ಮನೆಯಲ್ಲಿ ಆಡಬಾರದು ಎಂಬ ನಿಷ್ಠೆ ಎಷ್ಟೆಂದರೆ, ತಮಗೆ ಸಿಗುವ ಸವಲತ್ತನ್ನೂ ಹೆಂಡತಿಗೆ ಒಗಟು ಮಾಡಿ ಹೇಳಿದ್ದರು. ಮೂರು ದಿನ ಫೋಟೋದ ಮುಖ ನೋಡದೆ ಇದ್ದದ್ದು ನೆನಪಾಗಿ ವಿಶಾಲಮ್ಮನವರಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಜೀವ ಹಗುರಾಯಿತು. ಕಣ್ಣಲ್ಲಿ ನೀರು ಬಂತು, ಅದನ್ನು ಸೆರಗಿನ ಅದೇ ತುದಿಯಿಂದ ಒರೆಸಿಕೊಂಡರು.

"ಹಾಗಾದ್ರೆ ಈಗ ಮೂರು ಬರ್ತಿರೋದು ಸರಿ ತಾನೆ ಸಾರ್? ಅವರಿಲ್ಲ, ಅವರ ಪರ್ಸೆಂಟೂ ಇಲ್ಲ," ಎಂದರು.

"ಸರಿ ಇಲ್ಲ," ಎಂದರು ವೇಣುಗೋಪಾಲ್. ಈಗ ಅವರ ದನಿಯಲ್ಲಿ ಸಂಕೋಚವಿತ್ತು. "ಸ್ಟಾಫ್ ತೀರಿಕೊಂಡ ಮೇಲೆ ಆ ಒಂದು ಪರ್ಸೆಂಟ್ ಅವರ ಹೆಂಡತಿಗೆ ಬರಬೇಕು. ಅವರ ಹೆಸರು ತೆಗೆದಾಗ ಜೊತೆಗಿದ್ದ ಸ್ಟಾಫ್ ಗುರುತೂ ಹೋಗಿಬಿಟ್ಟಿದೆ, ನಿಮ್ಮನ್ನ ಸಾಮಾನ್ಯ ಗಿರಾಕಿ ಮಾಡಿಬಿಟ್ಟಿದೀವಿ. ತಪ್ಪು ನಮ್ಮದು. ನೀವು ವಾಪಸ್ ಕೊಡೋದೇನೂ ಇಲ್ಲ. ನಾವೇ ನಿಮಗೆ ಕೊಡಬೇಕು."

ಗೋದಾ ಮಿಸ್‌ಗೆ ಮಾತು ವಾಪಸ್ ಬಂತು. "ಐದು ಕ್ವಾರ್ಟರ್, ಅಂದ್ರೆ ಹದಿನೈದು ತಿಂಗಳು. ಸಾವಿರದ ಇನ್ನೂರರ ಮೇಲೆ ಆಗುತ್ತೆ," ಎಂದರು, ಯಾರೂ ಕೇಳುವ ಮುಂಚೆ.

ಯಶಶ್ರೀ ಫಾರಂ ತಂದಳು. ತೀರಿಕೊಂಡ ನೌಕರರ ಹೆಸರು, ಸಂಬಂಧ, ನೌಕರರ ನಂಬರ್. "ನಂಬರ್ ಗೊತ್ತಿರಲ್ಲ ಅಲ್ವಾ ಅಮ್ಮ? ಹೆಡ್ ಆಫೀಸಿಂದ ತರಿಸ್ಬೇಕಾಗುತ್ತೆ, ಸ್ವಲ್ಪ ದಿನ ಹಿಡಿಯುತ್ತೆ."

"ನಾಲ್ಕು ಎರಡು ಒಂದು ಏಳು," ಎಂದರು ವಿಶಾಲಮ್ಮ. ಬ್ಯಾಂಕಿನ ಊಟದ ಕೋಣೆಯಲ್ಲಿ ಎಲ್ಲರ ಡಬ್ಬಿಗಳೂ ಒಂದೇ ಥರ ಇರುತ್ತಿದ್ದವು, ಅದಲು ಬದಲಾಗಬಾರದು ಎಂದು ಶಿವಲಿಂಗಯ್ಯನವರು ಕ್ಯಾರಿಯರ್ ಮುಚ್ಚಳದ ಮೇಲೆ ತಮ್ಮ ನಂಬರ್ ಕೆತ್ತಿಸಿದ್ದರು. ಅಷ್ಟು ವರ್ಷ ಅದನ್ನು ತೊಳೆದವರಿಗೆ ಮರೆಯುತ್ತದೆಯೇ?

ವೇಣುಗೋಪಾಲ್ ನಂಬರ್ ಒತ್ತಿ, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. ಎಸ್. ಶಿವಲಿಂಗಯ್ಯ, ಅಟೆಂಡರ್, ನಿವೃತ್ತ. ಪಕ್ಕದಲ್ಲಿ ಸಣ್ಣದೊಂದು ಫೋಟೋ, ಮೀಸೆ ಇನ್ನೂ ಕಪ್ಪಗಿದ್ದ ಕಾಲದ್ದು. ಮನೆಯ ಗೋಡೆಯ ಮೇಲಿನ ಫೋಟೋಗಿಂತ ಇದೇ ಚೆನ್ನಾಗಿದೆ ಎನ್ನಿಸಿತು ವಿಶಾಲಮ್ಮನವರಿಗೆ. ಬ್ಯಾಂಕು ಅವರನ್ನು ಮರೆತಿರಲಿಲ್ಲ. ಖಾತೆಗೂ ಈ ಫೋಟೋಗೂ ನಡುವೆ ಇದ್ದ ಒಂದು ದಾರ ಕಡಿದಿತ್ತು, ಅಷ್ಟೆ.

"ಇಲ್ಲೊಂದು ಸೈನ್ ಅಮ್ಮ," ಎಂದಳು ಯಶಶ್ರೀ. "ಈ ಖಾತೇಲಿರೋ ದುಡ್ಡು ನನ್ನದೇ, ಬೇರೆಯವರದ್ದಲ್ಲ ಅಂತ."

ವಿಶಾಲಮ್ಮನವರ ಪೆನ್ನು ನಿಂತಿತು. "ಅವರದ್ದಲ್ವಾ ಅದು?"

"ಈಗ ನಿಮ್ಮದು. ಹಾಗೆ ಬರೆದುಕೊಟ್ರೇನೇ ಆ ಪರ್ಸೆಂಟ್ ಬರೋದು."

ಅವರು ಒಂದು ಕ್ಷಣ ಪರದೆಯ ಮೇಲಿನ ಮೀಸೆಯನ್ನು ನೋಡಿದರು, ಅನುಮತಿ ಕೇಳುವವರ ಹಾಗೆ. ಆಮೇಲೆ ದೊಡ್ಡ ಅಕ್ಷರದಲ್ಲಿ, ಒಂದೊಂದಾಗಿ, ವಿಶಾಲಮ್ಮ ಎಂದು ಬರೆದರು. ಏಳುನೂರ ಐವತ್ತಮೂರು ರೂಪಾಯಿ ಮತ್ತೆ ಸೆರಗಿನ ಗಂಟು ಸೇರಿತು.

ಮುಂದಿನ ವಾರ ವಿಶಾಲಮ್ಮನವರ ಫೋನಿಗೆ ಮೆಸೇಜು ಬಂತು. ಐದು ಕ್ವಾರ್ಟರಿನ ಬಾಕಿ ಬಡ್ಡಿ, ಸಾವಿರದ ಇನ್ನೂರ ನಲವತ್ತೊಂಬತ್ತು ರೂಪಾಯಿ, ಖಾತೆಗೆ ಜಮಾ. ಗೋದಾ ಮಿಸ್ ಮೆಸೇಜನ್ನು ನಂಬದೆ ಮತ್ತೊಮ್ಮೆ ಪೆನ್ಸಿಲ್ ಹಿಡಿದು ನೋಡಿ, ಸರಿಯಾಗಿದೆ ಎಂದು ತೀರ್ಪು ಕೊಟ್ಟರು. ಆದ್ದರಿಂದ ಯಾವ ಕ್ವಾರ್ಟರಿಗೂ ಸೇರದ ಒಂದು ಬಡ್ಡಿ ತಿಂಡಿ ಏಪ್ರಿಲ್ ನಡುವೆ ನಡೆಯಿತು. ನಾಲ್ವರಿಗೂ ಪೂರ್ತಿ ವಡೆ. ಅಂಜನಪ್ಪನ ಹೆಂಡತಿ ಬೇಡ ಎನ್ನುವ ಮುಂಚೆಯೇ ವಿಶಾಲಮ್ಮನವರು ಅವಳ ತಟ್ಟೆಗೆ ಎರಡನೆಯದನ್ನೂ ಹಾಕಿಸಿದರು. ಗೋದಾ ಮಿಸ್‌ಗೆ ನೂರರ ನೋಟು ಹಿಂದಕ್ಕೆ ಕೊಟ್ಟರು. ಮಿಸ್ ಒಲ್ಲೆ ಎಂದರು, ವಿಶಾಲಮ್ಮ ಬಿಡಲಿಲ್ಲ, ಇಬ್ಬರೂ ಹೋಟೆಲಿನ ನಡುವೆ ಕೈ ಕೈ ಎಳೆದಾಡಿದರು, ಕೊನೆಗೆ ನೋಟು ಮಿಸ್ ಚೀಲಕ್ಕೇ ಹೋಯಿತು.

ಗಲ್ಲಾದ ಹತ್ತಿರ ಬಿಲ್ಲು ಕೊಟ್ಟು ವಿಶಾಲಮ್ಮನವರು ನಿಂತರು. "ದೇವಯ್ಯ, ಒಂದು ವರ್ಷದಿಂದ ನಿನ್ನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ ಕಣಯ್ಯ. ಮನಸ್ಸಿಗೆ ಹಚ್ಕೋಬೇಡ."

"ಬಿಡಿ ಅಮ್ಮ," ಎಂದ ದೇವಯ್ಯ. "ನೀವು ಬೈದೇ ಇದ್ರೆ ಅವತ್ತು ಕ್ವಾರ್ಟರ್ ಮುಗೀತು ಅಂತ ನಮಗೆ ಗೊತ್ತಾಗೋದು ಹೇಗೆ?"

"ಒಂದು ಮಸಾಲೆ ಪಾರ್ಸಲ್ ಕಟ್ಟಿಸು. ಚಟ್ನಿ ಜಾಸ್ತಿ ಹಾಕು."

ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಮುಂಚಿನ ಗದ್ದಲ. ವಿಶಾಲಮ್ಮನವರು ಸಾಲಿನಲ್ಲೇ ನಿಂತರು. ತಮ್ಮ ಸರದಿ ಬಂದಾಗ ಬೆಣ್ಣೆಯ ಘಮ ಬಿಡುತ್ತಿದ್ದ ಪೊಟ್ಟಣವನ್ನು ಕೌಂಟರಿನ ಮೇಲೆ, ಮೊನ್ನೆ ದುಡ್ಡು ಇಟ್ಟ ಜಾಗದಲ್ಲೇ ಇಟ್ಟರು. ವರ್ಷದಿಂದ ಬಡ್ಡಿ ಎಣಿಸಿಕೊಟ್ಟ ಹುಡುಗಿ, ಒಂದು ಸಲವೂ ಅವಳ ಪಾಲು ಮುಟ್ಟಿರಲಿಲ್ಲ.

"ಇದೇನಮ್ಮ? ಇದನ್ನ ಯಾವ ಲೆಕ್ಕಕ್ಕೆ ಹಾಕ್ಲಿ?" ಎಂದು ಯಶಶ್ರೀ ನಕ್ಕಳು.

"ನಿಮ್ಮ ಸ್ಟಾಫ್ ಒಬ್ಬರು ಕಳಿಸಿದಾರೆ," ಎಂದರು ವಿಶಾಲಮ್ಮ. "ನಾಲ್ಕು ಎರಡು ಒಂದು ಏಳು. ಆರಿ ಹೋಗುತ್ತೆ, ಬೇಗ ತಿನ್ನು."